ಕೊನೆಯ ಗಂಟು ಮೊದಲು ಬಿಚ್ಚಬೇಕು

ಅಕ್ಕನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಒಂದು ಸಂಜೆ ನಾನು ಅವರ ಮನೆಯಲ್ಲಿದ್ದಾಗ ಅವಳು ಫೋನಿನಲ್ಲಿ ಗೆಳತಿಗೆ ಒಂದು ಲೆಕ್ಕ ಓದಿ ಹೇಳುತ್ತಿದ್ದಳು. "ಮೂರು, ಇ ಟು ದ ಪವರ್ ಎರಡು ಎಕ್ಸ್ ಪ್ಲಸ್ ಒಂದು. ಇದರ ಇನ್‌ವರ್ಸ್ ಕಂಡುಹಿಡಿ. ಆಮೇಲೆ ಉತ್ತರ ಹತ್ತು ಬರಬೇಕಾದರೆ ಎಕ್ಸ್ ಎಷ್ಟು ಅಂತ ಹೇಳು." ಹತ್ತು ನಿಮಿಷ ಕಳೆದು ಗೆಳತಿಯ ಫೋನ್ ಬಂತು. ಇವಳಿಗೆ ಬಂದದ್ದು 0.549, ಅವಳಿಗೆ ಬಂದದ್ದು 0.102. ಇಬ್ಬರೂ ಎರಡೆರಡು ಸಲ ಮಾಡಿ ನೋಡಿದ್ದರು. ಇಬ್ಬರಿಗೂ ತಮ್ಮದೇ ಸರಿ ಎಂಬ ಹಟ.

"ಮಾವ, ನೀವೇ ನೋಡಿ ಹೇಳಿ" ಎಂದು ನೋಟ್‌ಬುಕ್ ನನ್ನ ಮುಂದೆ ಬಂತು. ಗೆಳತಿಯೂ ತನ್ನ ಪುಟದ ಫೋಟೊ ಕಳಿಸಿದಳು. ಎರಡರಲ್ಲೂ ಒಂದು ತಪ್ಪೂ ಇರಲಿಲ್ಲ. ಆದರೆ ಇಬ್ಬರೂ ಮಾಡಿದ್ದು ಒಂದೇ ಲೆಕ್ಕವಲ್ಲ. ಇವಳ ಪುಟದಲ್ಲಿ ಇದ್ದದ್ದು ಇದು:

f(x) = 3e²ˣ + 1

ಗೆಳತಿಯ ಪುಟದಲ್ಲಿ ಇದ್ದದ್ದು ಇದು:

g(x) = 3e²ˣ⁺¹

ಬಾಯಲ್ಲಿ ಹೇಳುವಾಗ ಎರಡೂ ಒಂದೇ ವಾಕ್ಯ. ಬರೆದಾಗ ಮಾತ್ರ ಆ ಒಂದು ಎಲ್ಲಿ ಕೂತಿದೆ, ನೆಲದ ಮೇಲೋ ಅಟ್ಟದ ಮೇಲೋ, ಎಂಬುದು ಗೊತ್ತಾಗುತ್ತದೆ. ಇನ್‌ವರ್ಸ್ ಅಥವಾ ವಿಲೋಮ ಎಂದರೇನು ಎಂಬುದರ ಗುಟ್ಟೆಲ್ಲ ಈ ಸಣ್ಣ ಎಡವಟ್ಟಿನಲ್ಲೇ ಅಡಗಿದೆ.

ಲೀಲಾವತಿಯ ಲೆಕ್ಕ

ಫಂಕ್ಷನ್ ಎಂದರೆ, ಪಠ್ಯಪುಸ್ತಕದ ಕನ್ನಡದಲ್ಲಿ ಉತ್ಪನ್ನ ಎಂದರೆ, ಒಂದು ಸಂಖ್ಯೆಯನ್ನು ತೆಗೆದುಕೊಂಡು ಅದಕ್ಕೆ ಒಂದಾದ ಮೇಲೊಂದು ಕೆಲಸ ಮಾಡಿ ಇನ್ನೊಂದು ಸಂಖ್ಯೆ ಕೊಡುವ ನಿಯಮ. ವಿಲೋಮ ಎಂದರೆ ಬಂದ ಉತ್ತರದಿಂದ ಹೊರಟು, ಮೊದಲು ಹಾಕಿದ ಸಂಖ್ಯೆ ಯಾವುದು ಎಂದು ಹಿಂದಕ್ಕೆ ನಡೆಯುವ ದಾರಿ.

ಈ ಹಿಂದಕ್ಕೆ ನಡೆಯುವ ವಿದ್ಯೆ ನಮ್ಮಲ್ಲಿ ಹಳೆಯದು. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಇದಕ್ಕೆ ಒಂದು ಸೂತ್ರವೇ ಇದೆ. ಗುಣಿಸಿದ್ದನ್ನು ಭಾಗಿಸು, ಭಾಗಿಸಿದ್ದನ್ನು ಗುಣಿಸು, ಕೂಡಿದ್ದನ್ನು ಕಳೆ, ಕಳೆದದ್ದನ್ನು ಕೂಡು, ವರ್ಗ ಮಾಡಿದ್ದರೆ ಮೂಲ ತೆಗೆ, ಮೂಲ ತೆಗೆದಿದ್ದರೆ ವರ್ಗ ಮಾಡು ಎನ್ನುವುದು ಅದರ ಸಾರ. ಜೊತೆಗೆ ಒಂದು ಲೆಕ್ಕವನ್ನೂ ಕೊಟ್ಟಿದ್ದಾರೆ. ಯಾವುದೋ ಒಂದು ಸಂಖ್ಯೆಯನ್ನು ಮೂರರಿಂದ ಗುಣಿಸಿ, ಬಂದದ್ದಕ್ಕೆ ಅದರದೇ ಮುಕ್ಕಾಲು ಭಾಗ ಸೇರಿಸಿ, ಏಳರಿಂದ ಭಾಗಿಸಿ, ಅದರ ಮೂರನೇ ಒಂದು ಭಾಗ ಕಳೆದು, ವರ್ಗ ಮಾಡಿ, ಐವತ್ತೆರಡು ಕಳೆದು, ವರ್ಗಮೂಲ ತೆಗೆದು, ಎಂಟು ಕೂಡಿಸಿ, ಹತ್ತರಿಂದ ಭಾಗಿಸಿದರೆ ಎರಡು ಬರುತ್ತದೆ. ಆ ಸಂಖ್ಯೆ ಯಾವುದು?

ಓದುತ್ತಲೇ ತಲೆ ತಿರುಗುವ ಲೆಕ್ಕ. ಆದರೆ ಬಾಲದಿಂದ ಹಿಡಿದರೆ ಸುಲಭ. ಕೊನೆಯಲ್ಲಿ ಬಂದದ್ದು 2. ಅದಕ್ಕೆ ಮೊದಲು ಹತ್ತರಿಂದ ಭಾಗಿಸಿದ್ದಾರೆ, ಹಾಗಾಗಿ ಗುಣಿಸಿದರೆ 20. ಎಂಟು ಕಳೆದರೆ 12. ವರ್ಗ ಮಾಡಿದರೆ 144. ಐವತ್ತೆರಡು ಕೂಡಿಸಿದರೆ 196, ಅದರ ಮೂಲ 14. ಮೂರನೇ ಒಂದು ಭಾಗ ಹೋದ ಮೇಲೆ ಉಳಿದದ್ದು 14 ಆದ್ದರಿಂದ ಮೊದಲಿದ್ದದ್ದು 21. ಏಳರಿಂದ ಗುಣಿಸಿದರೆ 147. ಇದು ಒಂದೂಮುಕ್ಕಾಲು ಪಾಲು, ಹಾಗಾಗಿ ಪೂರ್ತಿ ಒಂದು ಪಾಲು 84. ಮೂರರಿಂದ ಭಾಗಿಸಿದರೆ 28. ಅದೇ ಉತ್ತರ.

ಇಲ್ಲಿ ಗಮನಿಸಬೇಕಾದವು ಎರಡೇ ಸಂಗತಿ. ಪ್ರತಿ ಕೆಲಸವನ್ನೂ ಅದರ ಎದುರು ಕೆಲಸದಿಂದ ಅಳಿಸಬೇಕು. ಕೊನೆಯಲ್ಲಿ ಮಾಡಿದ್ದನ್ನು ಮೊದಲು ಅಳಿಸಬೇಕು. ಕಾಗದ ಸುತ್ತಿ ಮೇಲೆ ದಾರ ಕಟ್ಟಿದ ಪೊಟ್ಟಣದಲ್ಲಿ ದಾರ ಬಿಚ್ಚದೆ ಕಾಗದಕ್ಕೆ ಕೈ ಹಾಕಲಾಗದು, ಹಾಗೆ.

ಇನ್ನು ಅಕ್ಕನ ಮಗಳ ಲೆಕ್ಕಕ್ಕೆ ಬರೋಣ. 3e²ˣ + 1 ಎಂಬುದರಲ್ಲಿ x ಏನೇನು ಅನುಭವಿಸುತ್ತದೆ? ಮೊದಲು ಎರಡರಿಂದ ಗುಣಿಸಿಕೊಳ್ಳುತ್ತದೆ. ಆಮೇಲೆ e ಎಂಬ ಸಂಖ್ಯೆಯ ತಲೆಯ ಮೇಲೆ ಘಾತವಾಗಿ ಕೂರುತ್ತದೆ. ಬಂದದ್ದು ಮೂರರಿಂದ ಗುಣಿಸಲ್ಪಡುತ್ತದೆ. ಕೊನೆಗೆ ಒಂದು ಸೇರುತ್ತದೆ. ನಾಲ್ಕು ಮೆಟ್ಟಿಲು. ಇದರಲ್ಲಿ ಮೂರನ್ನು ಇಳಿಯಲು ಲೀಲಾವತಿಯ ಸೂತ್ರವೇ ಸಾಕು. ಒಂದಕ್ಕೆ ಮಾತ್ರ ಆ ಪಟ್ಟಿಯಲ್ಲಿ ಎದುರು ಕೆಲಸ ಇಲ್ಲ. ಘಾತಕ್ಕೇರಿಸಿದ್ದನ್ನು ಇಳಿಸುವುದು ಹೇಗೆ?

ಘಾತವನ್ನು ಇಳಿಸುವ ಏಣಿ

ಮೊದಲು e ಯಾರು ಎಂದು ತಿಳಿಯೋಣ. ಒಂದು ರೂಪಾಯಿಯನ್ನು ವರ್ಷಕ್ಕೆ ನೂರಕ್ಕೆ ನೂರು ಬಡ್ಡಿಗೆ ಇಟ್ಟರೆ ವರ್ಷದ ಕೊನೆಗೆ ಎರಡು ರೂಪಾಯಿ. ಅದೇ ಬಡ್ಡಿಯನ್ನು ಆರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತ ಹೋದರೆ 2.25. ತಿಂಗಳಿಗೊಮ್ಮೆ ಸೇರಿಸಿದರೆ ಸುಮಾರು 2.613, ದಿನಕ್ಕೊಮ್ಮೆ ಸೇರಿಸಿದರೆ 2.7146. ಕ್ಷಣಕ್ಷಣಕ್ಕೂ ಸೇರಿಸಿದರೆ? ಎಷ್ಟು ಸಲ ಸೇರಿಸಿದರೂ ಅದು 2.71828 ಎಂಬ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಆ ಗಡಿಯೇ e. ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿ 1683ರಲ್ಲಿ ಇಂಥದೇ ಬಡ್ಡಿಯ ಪ್ರಶ್ನೆ ಹಿಡಿದು ಹೋಗಿ ಈ ಸಂಖ್ಯೆಯ ಎದುರು ನಿಂತ. ಅದಕ್ಕೆ e ಎಂಬ ಅಕ್ಷರ ಕೊಟ್ಟವನು ಆಮೇಲೆ ಬಂದ ಆಯ್ಲರ್.

ಈಗ ಪ್ರಶ್ನೆ ತಿರುಗಿಸಿ ಕೇಳೋಣ. e ಯನ್ನು ಎಷ್ಟರ ಘಾತಕ್ಕೇರಿಸಿದರೆ 3 ಬರುತ್ತದೆ? ಒಂದರ ಘಾತಕ್ಕೆ 2.718, ಇನ್ನೂ ಸ್ವಲ್ಪ ಬೇಕು. 1.0986ರ ಘಾತಕ್ಕೇರಿಸಿದರೆ 3. ಈ 1.0986ಕ್ಕೆ "3ರ ನ್ಯಾಚುರಲ್ ಲಾಗ್" ಎಂದು ಹೆಸರು. ಬರೆಯುವುದು ln 3 ಎಂದು. ಲಾಗ್, ಅಂದರೆ ಲಘುಗಣಕ, "ಎಷ್ಟರ ಘಾತ?" ಎಂಬ ಪ್ರಶ್ನೆಗೆ ಉತ್ತರ, ಅಷ್ಟೇ. ಆದ್ದರಿಂದ e ಯನ್ನು ಯಾವುದೋ ಘಾತಕ್ಕೇರಿಸಿ, ಬಂದದ್ದಕ್ಕೆ ln ತೆಗೆದರೆ ಆ ಘಾತವೇ ಮರಳಿ ಕೈಗೆ ಬರುತ್ತದೆ. ನಮಗೆ ಬೇಕಾಗಿದ್ದ ಎದುರು ಕೆಲಸ ಇದೇ.

ಇದರ ಹಿಂದಿನ ಯೋಚನೆ ಕರ್ನಾಟಕಕ್ಕೆ ತೀರಾ ಹೊರಗಿನದಲ್ಲ. ಮೂಡಬಿದಿರೆಯ ಬಸದಿಯಲ್ಲಿ ಹಳೆಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದು ಬಂದ ಧವಳಾ ಗ್ರಂಥವಿದೆ. ಒಂಬತ್ತನೇ ಶತಮಾನದ ಜೈನ ಆಚಾರ್ಯ ವೀರಸೇನರ ಈ ವ್ಯಾಖ್ಯಾನದಲ್ಲಿ "ಅರ್ಧಚ್ಛೇದ" ಎಂಬ ಮಾತು ಬರುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆ ಅದು. 32ನ್ನು ಐದು ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೆ, ಹಾಗಾಗಿ 32ರ ಅರ್ಧಚ್ಛೇದ 5. ಇಂದಿನ ಮಾತಿನಲ್ಲಿ ಇದು ಎರಡನ್ನು ಆಧಾರವಾಗಿ ಹಿಡಿದ ಲಾಗ್. ಲಾಗ್ ಕೋಷ್ಟಕಗಳನ್ನು ಮೊದಲು ಅಚ್ಚು ಹಾಕಿಸಿದವನು ಸ್ಕಾಟ್ಲೆಂಡಿನ ಜಾನ್ ನೇಪಿಯರ್, 1614ರಲ್ಲಿ. ಅವನಿಗೆ ಬೇಕಾಗಿದ್ದದ್ದು ದೊಡ್ಡ ಗುಣಾಕಾರಗಳನ್ನು ಸಂಕಲನಕ್ಕೆ ಇಳಿಸುವ ಉಪಾಯ. ಲಾಗ್ ಎಂದರೆ ಘಾತದ ವಿಲೋಮ ಎಂದು ಈಗ ನಾವು ಕಲಿಯುವ ರೀತಿಯನ್ನು ನೆಲೆಗೊಳಿಸಿದ್ದು 1748ರಲ್ಲಿ ಬಂದ ಆಯ್ಲರನ ಪುಸ್ತಕ.

ನಾಲ್ಕು ಮೆಟ್ಟಿಲು ಇಳಿಯುವುದು

ಈಗ ಇಳಿಯೋಣ. ಫಂಕ್ಷನ್ ಕೊಡುವ ಉತ್ತರಕ್ಕೆ y ಎಂದು ಹೆಸರಿಟ್ಟುಕೊಳ್ಳಿ.

y = 3e²ˣ + 1

ಕೊನೆಯಲ್ಲಿ ಸೇರಿದ್ದು ಒಂದು. ಮೊದಲು ಅದನ್ನು ಕಳೆಯಿರಿ.

y − 1 = 3e²ˣ

ಅದಕ್ಕೆ ಮೊದಲು ಮೂರರಿಂದ ಗುಣಿಸಿದ್ದರು. ಭಾಗಿಸಿ.

(y − 1)/3 = e²ˣ

ಈಗ ಬಲಗಡೆ e ಮತ್ತು ಅದರ ತಲೆಯ ಮೇಲಿನ ಘಾತ ಬಿಟ್ಟರೆ ಬೇರೇನೂ ಇಲ್ಲ. ಲಾಗ್ ತೆಗೆಯಲು ಇದೇ ಸರಿಯಾದ ಗಳಿಗೆ.

ln((y − 1)/3) = 2x

ಉಳಿದದ್ದು ಎರಡು. ಅದರಿಂದ ಭಾಗಿಸಿ.

x = ½ ln((y − 1)/3)

ಕೆಲಸ ಮುಗಿಯಿತು. ಹತ್ತು ಬರಬೇಕಾದರೆ x ಎಷ್ಟು ಎಂದು ಕೇಳಿದ್ದರಲ್ಲ? y ಇರುವಲ್ಲಿ 10 ಹಾಕಿ. ಒಂದು ಕಳೆದರೆ 9, ಮೂರರಿಂದ ಭಾಗಿಸಿದರೆ 3, ಅದರ ಲಾಗ್ 1.0986, ಅರ್ಧ 0.5493. ಅಕ್ಕನ ಮಗಳ ಉತ್ತರ ಸರಿ.

ಪುಸ್ತಕಗಳಲ್ಲಿ ಕೊನೆಗೆ ಇನ್ನೊಂದು ಸಾಲು ಇರುತ್ತದೆ: x ಮತ್ತು y ಅದಲು ಬದಲು ಮಾಡಿ,

f⁻¹(x) = ½ ln((x − 1)/3)

ಎಂದು ಬರೆಯಿರಿ. ಇದು ಲೆಕ್ಕದ ಮೆಟ್ಟಿಲಲ್ಲ, ಹೆಸರು ಬದಲಾಯಿಸುವುದಷ್ಟೆ. ಒಳಗೆ ಹಾಕುವ ಸಂಖ್ಯೆಗೆ x ಎನ್ನುವುದು ರೂಢಿ, ಅದಕ್ಕಾಗಿ. ಕೆಲವರು ಈ ಅದಲು ಬದಲನ್ನು ಮೊದಲ ಸಾಲಿನಲ್ಲೇ ಮಾಡಿಕೊಳ್ಳುತ್ತಾರೆ, ಅದೂ ಸರಿ. ಎರಡೂ ಕಡೆ ಮಾಡಿದರೆ ಮಾತ್ರ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತೀರಿ. ಇನ್ನೊಂದು ಎಚ್ಚರಿಕೆ ಆ ಪುಟ್ಟ −1ರ ಬಗ್ಗೆ. ಜಾನ್ ಹರ್ಷೆಲ್ 1813ರಲ್ಲಿ ಬಳಕೆಗೆ ತಂದ ಈ ಗುರುತಿನಲ್ಲಿ −1 ಎಂದರೆ ಘಾತವಲ್ಲ, ಒಂದರಲ್ಲಿ ಭಾಗಿಸು ಎಂದಲ್ಲ, "ಹಿಂದಕ್ಕೆ ನಡೆ" ಎಂದು. ನಮ್ಮ ಲೆಕ್ಕದಲ್ಲಿ 4ನ್ನು ಹಾಕಿದರೆ f⁻¹ ಕೊಡುವುದು ಸೊನ್ನೆ. ಒಂದನ್ನು f(4)ರಿಂದ ಭಾಗಿಸಿದರೆ ಬರುವುದು ಸೊನ್ನೆಗೆ ಹತ್ತಿರದ, ಆದರೆ ಸೊನ್ನೆಯಲ್ಲದ, ಬೇರೆಯೇ ಒಂದು ಸಂಖ್ಯೆ.

ಗೆಳತಿಯ ಪುಟ

ಗೆಳತಿ ಬರೆದುಕೊಂಡದ್ದು 3e²ˣ⁺¹. ಇಲ್ಲೂ ಮೆಟ್ಟಿಲು ನಾಲ್ಕೇ, ಕೆಲಸಗಳೂ ಅವೇ, ಆದರೆ ಸರದಿ ಬೇರೆ. x ಎರಡರಿಂದ ಗುಣಿಸಿಕೊಂಡ ಕೂಡಲೇ ಅದಕ್ಕೆ ಒಂದು ಸೇರುತ್ತದೆ. ಆಮೇಲೆ ಘಾತಕ್ಕೇರುತ್ತದೆ. ಕೊನೆಗೆ ಮೂರರಿಂದ ಗುಣಾಕಾರ. ಆದ್ದರಿಂದ ಇಳಿಯುವಾಗ ಮೊದಲು ಮೂರರಿಂದ ಭಾಗಾಕಾರ, ಆಮೇಲೆ ಲಾಗ್, ಆಮೇಲೆ ಒಂದು ಕಳೆಯುವುದು, ಕೊನೆಗೆ ಎರಡರಿಂದ ಭಾಗಾಕಾರ.

y/3 = e²ˣ⁺¹
ln(y/3) = 2x + 1
x = (ln(y/3) − 1)/2

y ಗೆ 10 ಹಾಕಿದರೆ, 3.3333ರ ಲಾಗ್ 1.2040, ಒಂದು ಕಳೆದರೆ 0.2040, ಅರ್ಧ 0.1020. ಅವಳ ಉತ್ತರವೂ ಸರಿ.

ಎರಡೂ ಸೂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹತ್ತುವಾಗ ಒಂದು ನೆಲದ ಮೇಲಿದ್ದರೆ ಇಳಿಯುವಾಗ ಅದು ಲಾಗ್‌ನ ಒಳಗೆ ಬರುತ್ತದೆ. ಹತ್ತುವಾಗ ಅಟ್ಟದ ಮೇಲಿದ್ದರೆ ಇಳಿಯುವಾಗ ಲಾಗ್‌ನ ಹೊರಗೆ ಉಳಿಯುತ್ತದೆ. ಸರದಿ ತಿರುಗುಮುರುಗಾದದ್ದರ ಗುರುತು ಇದೇ. ಇಂಥ ಲೆಕ್ಕವನ್ನು ಫೋನಿನಲ್ಲಿ ಹೇಳುವಾಗ "ಎರಡು ಎಕ್ಸ್ ಪ್ಲಸ್ ಒಂದು, ಪೂರ್ತಿ ಮೇಲೆ" ಅಥವಾ "ಪ್ಲಸ್ ಒಂದು ಕೆಳಗೆ" ಎಂದು ಸೇರಿಸಿದರೆ ಗೆಳೆತನ ಉಳಿಯುತ್ತದೆ.

ಎಲ್ಲಿ ಜಾರುತ್ತಾರೆ

ಈ ಲೆಕ್ಕದಲ್ಲಿ ಮತ್ತೆ ಮತ್ತೆ ಕಾಣುವ ಜಾರುವಿಕೆ ಮೂರು. ಮೂರಕ್ಕೂ ಮದ್ದು ಒಂದೇ: ಬಂದ x ಅನ್ನು ಮೂಲ ಫಂಕ್ಷನ್ನಿಗೆ ಹಾಕಿ, ಹತ್ತು ಮರಳಿ ಬರುತ್ತದೆಯೇ ನೋಡಿ. ಬಾರದಿದ್ದರೆ ತಪ್ಪು ಯಾವುದು ಎಂಬುದನ್ನೂ ಆ ಸಂಖ್ಯೆಯೇ ಅನೇಕ ಸಲ ಹೇಳಿಬಿಡುತ್ತದೆ.

ಮೊದಲನೆಯದು ಆತುರದ ಲಾಗ್. 10 = 3e²ˣ + 1 ಎಂದು ಬರೆದ ತಕ್ಷಣ ಎರಡೂ ಕಡೆ ಲಾಗ್ ತೆಗೆದು, ಬಲಗಡೆಯ ತುಂಡುಗಳಿಗೆ ಒಂದೊಂದಾಗಿ ಹಂಚಿಬಿಡುತ್ತಾರೆ: ln 10 = ln 3 + 2x + ln 1. ಒಂದರ ಲಾಗ್ ಸೊನ್ನೆ, ಹಾಗಾಗಿ ಅದು ಸದ್ದಿಲ್ಲದೆ ಮಾಯ. ಉತ್ತರ 0.602 ಬರುತ್ತದೆ. ಇದನ್ನು ಹಿಂದಕ್ಕೆ ಹಾಕಿ ನೋಡಿದರೆ ಹತ್ತರ ಬದಲು 11 ಬರುತ್ತದೆ. ಯಾವ ಸಂಖ್ಯೆ ಇಟ್ಟು ಈ ತಪ್ಪು ಮಾಡಿದರೂ ಉತ್ತರ ಸರಿಯಾಗಿ ಒಂದರಷ್ಟೇ ಹೆಚ್ಚಾಗುತ್ತದೆ, ಏಕೆಂದರೆ ಕಳೆಯಬೇಕಾಗಿದ್ದ ಒಂದನ್ನು ಕಳೆಯದೆ ಬಿಟ್ಟಿದ್ದೀರಿ. ಲಾಗ್ ಗುಣಾಕಾರವನ್ನು ಬಿಡಿಸಬಲ್ಲದು, ಸಂಕಲನವನ್ನು ಬಿಡಿಸಲಾರದು. ಕೂಡಿಸಿದ್ದು ಹೋಗುವವರೆಗೆ ಅದಕ್ಕೆ ಕೆಲಸ ಕೊಡಬಾರದು.

ಎರಡನೆಯದು ಕೊನೆಯ ಮೆಟ್ಟಿಲಿನದು. ½ ln((y − 1)/3) ಎಂಬಲ್ಲಿ ಆ ಅರ್ಧವನ್ನು ಒಳಗೆ ನೂಕಿ ln((y − 1)/6) ಎಂದು ಬರೆಯುವುದು. ಹೊರಗಿನ ಎರಡಕ್ಕೂ ಒಳಗಿನ ಮೂರಕ್ಕೂ ಬಂಧುತ್ವವಿಲ್ಲ. ಹಾಗೆ ಮಾಡಿದರೆ 10ಕ್ಕೆ ln 1.5, ಅಂದರೆ 0.4055 ಬರುತ್ತದೆ, ಹಿಂದಕ್ಕೆ ಹಾಕಿದರೆ 7.75. ಅರ್ಧವನ್ನು ಒಳಗೆ ತರಲೇಬೇಕೆಂದಿದ್ದರೆ ಅದು ವರ್ಗಮೂಲವಾಗಿ ಮಾತ್ರ ಬರಬಹುದು: ln √((y − 1)/3). 3ರ ವರ್ಗಮೂಲ 1.732, ಅದರ ಲಾಗ್ 0.5493. ಸರಿಹೋಯಿತು.

ಮೂರನೆಯದು ಯಂತ್ರದ್ದು. ಕ್ಯಾಲ್ಕುಲೇಟರಿನಲ್ಲಿ `log` ಮತ್ತು `ln` ಎಂಬ ಎರಡು ಗುಂಡಿಗಳಿವೆ. ಮೊದಲನೆಯದು ಹತ್ತರ ಎಷ್ಟನೇ ಘಾತ ಎಂದು ಕೇಳುತ್ತದೆ, ಎರಡನೆಯದು e ಯ ಎಷ್ಟನೇ ಘಾತ ಎಂದು. ತಪ್ಪು ಗುಂಡಿ ಒತ್ತಿದರೆ 3ಕ್ಕೆ 1.0986ರ ಬದಲು 0.4771 ಬರುತ್ತದೆ, ಅದನ್ನು ಅರ್ಧ ಮಾಡಿ ಹಿಂದಕ್ಕೆ ಹಾಕಿದರೆ ಸುಮಾರು 5.83. ಕ್ಲಾರ್ಕ್ಸ್ ಟೇಬಲ್ ಹಿಡಿದು ಓದಿದವರಿಗೆ ಗೊತ್ತು, ಅದರ ಲಾಗ್ ಪುಟಗಳು ಹತ್ತರ ಆಧಾರದವು. ರಸಾಯನಶಾಸ್ತ್ರದಲ್ಲಿ ಮೊದಲ ದರ್ಜೆಯ ಕ್ರಿಯೆಗಳ ಸೂತ್ರದಲ್ಲಿ 2.303 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಂಡವರಿಗೆ ಉತ್ತರವೂ ಇಲ್ಲೇ ಇದೆ. ಅದು 10ರ ನ್ಯಾಚುರಲ್ ಲಾಗ್. 0.4771ನ್ನು 2.303ರಿಂದ ಗುಣಿಸಿದರೆ 1.0988, ನಮಗೆ ಬೇಕಾದದ್ದು ಹೆಚ್ಚುಕಡಿಮೆ ಸಿಕ್ಕಿತು. ಕಂಪ್ಯೂಟರಿನಲ್ಲಿ ಗೊಂದಲ ಇನ್ನೂ ಒಂದು ಸುತ್ತು ಹೆಚ್ಚು: ಎಕ್ಸೆಲ್‌ನಲ್ಲಿ `LOG` ಎಂದರೆ ಹತ್ತರದು, ಪೈಥಾನ್‌ನಲ್ಲಿ `math.log` ಎಂದರೆ e ಯದು. ಎಕ್ಸೆಲ್‌ನಲ್ಲಿ ನಮ್ಮ ಲೆಕ್ಕವನ್ನು ಹೀಗೆ ಹಾಕಬೇಕು:

```
=LN((10-1)/3)/2
```

ಹಾಲು ಆರುವ ಹೊತ್ತು

10ರ ಬದಲು 1 ಬರಬೇಕಾದರೆ x ಎಷ್ಟು ಎಂದು ಕೇಳಿದರೆ? ಒಂದು ಕಳೆದರೆ ಸೊನ್ನೆ, ಸೊನ್ನೆಗೆ ಲಾಗ್ ಇಲ್ಲ. e ಯನ್ನು ಎಷ್ಟರ ಘಾತಕ್ಕೇರಿಸಿದರೂ, ಋಣ ಘಾತವಾದರೂ, ಸೊನ್ನೆ ಆಗದು, ಬರಿದೆ ಸೊನ್ನೆಯ ಹತ್ತಿರ ಹತ್ತಿರ ಹೋಗುತ್ತದೆ. ಆದ್ದರಿಂದ 3e²ˣ + 1 ಎಂದೂ ಒಂದನ್ನು ಮುಟ್ಟುವುದಿಲ್ಲ, ಅದಕ್ಕಿಂತ ಮೇಲೆಯೇ ಇರುತ್ತದೆ. ವಿಲೋಮಕ್ಕೆ ಒಂದಕ್ಕಿಂತ ದೊಡ್ಡ ಸಂಖ್ಯೆಯನ್ನೇ ಕೊಡಬೇಕು. ಉತ್ತರ ಬರೆಯುವಾಗ x > 1 ಎಂಬ ಮಾತನ್ನು ಜೊತೆಗೆ ಬರೆಯುವುದು ಇದಕ್ಕೆ. ಗೆಳತಿಯ ಫಂಕ್ಷನ್ನಿಗಾದರೆ ಆ ಗಡಿ ಸೊನ್ನೆ.

ಈ ಗಡಿ ಕಾಗದದ ಮೇಲಿನ ಕಟ್ಟಳೆಯಲ್ಲ. ಅಡುಗೆಮನೆಯಲ್ಲೂ ಇದೆ. ಕಾಯಿಸಿದ ಹಾಲು ಆರುವಾಗ ನ್ಯೂಟನ್ನನ ನಿಯಮದಂತೆ ಅದರ ಶಾಖ ಇಳಿಯುತ್ತದೆ, ಮತ್ತು ಆ ನಿಯಮದ ಆಕಾರ ನಮ್ಮ ಫಂಕ್ಷನ್ನಿನದೇ: ಒಂದು ಸಂಖ್ಯೆ ಗುಣಿಸು e ಯ ಘಾತ, ಕೂಡು ಇನ್ನೊಂದು ಸಂಖ್ಯೆ. ಆ ಕೂಡುವ ಸಂಖ್ಯೆ ಕೋಣೆಯ ಶಾಖ. ಕೋಣೆ 25 ಡಿಗ್ರಿ, ಒಲೆಯಿಂದ ಇಳಿಸಿದಾಗ ಹಾಲು 95 ಡಿಗ್ರಿ ಎಂದಿಟ್ಟುಕೊಳ್ಳಿ. ವ್ಯತ್ಯಾಸ 70. ಆಗ t ನಿಮಿಷದ ಮೇಲೆ ಶಾಖ

T = 70e⁻ᵏᵗ + 25

ಇಲ್ಲಿ k ಪಾತ್ರೆಯಿಂದ ಪಾತ್ರೆಗೆ ಬೇರೆ. ಅದನ್ನು ತಿಳಿಯಲು ಒಮ್ಮೆ ಅಳೆಯಬೇಕು. ಹದಿನೈದು ನಿಮಿಷ ಕಳೆದು ನೋಡಿದಾಗ 75 ಡಿಗ್ರಿ ಇತ್ತೆನ್ನಿ. 25 ಕಳೆದರೆ 50, ಎಪ್ಪತ್ತರಿಂದ ಭಾಗಿಸಿ ಲಾಗ್ ತೆಗೆದರೆ −0.3365, ಅದನ್ನು −15ರಿಂದ ಭಾಗಿಸಿದರೆ k ಸುಮಾರು 0.0224. ಹೆಪ್ಪು ಹಾಕಲು ಹಾಲು 43 ಡಿಗ್ರಿಗೆ ಬರಬೇಕು. ಎಷ್ಟು ಹೊತ್ತು ಕಾಯಬೇಕು? ಅದೇ ನಾಲ್ಕು ಮೆಟ್ಟಿಲು ಇಳಿಯಿರಿ. 25 ಕಳೆದರೆ 18. ಎಪ್ಪತ್ತರಿಂದ ಭಾಗಿಸಿದರೆ 0.257. ಲಾಗ್ ತೆಗೆದರೆ −1.358. −0.0224ರಿಂದ ಭಾಗಿಸಿದರೆ ಅರವತ್ತೂವರೆ ನಿಮಿಷದ ಆಸುಪಾಸು. ಇಳಿಸಿದ ಮೇಲೆ ಒಂದು ಗಂಟೆ.

ಇದೇ ಸೂತ್ರಕ್ಕೆ "ಹಾಲು 25 ಡಿಗ್ರಿಗೆ ಯಾವಾಗ ಬರುತ್ತದೆ?" ಎಂದು ಕೇಳಿದರೆ ಉತ್ತರವಿಲ್ಲ. ಕೋಣೆಯ ಶಾಖವೇ ಇಲ್ಲಿನ ನೆಲ. ನೆಲದ ಹತ್ತಿರ ಹೋದಂತೆ ಇನ್ನೊಂದು ತೊಡಕೂ ಕಾಣುತ್ತದೆ. 75 ಡಿಗ್ರಿಯ ಹಾಲು 74ಕ್ಕೆ ಬರಲು ಒಂದು ನಿಮಿಷವೂ ಬೇಡ. 27 ಡಿಗ್ರಿಯದು 26ಕ್ಕೆ ಬರಲು ಅರ್ಧ ಗಂಟೆ ಬೇಕು. ಹಾಗಾಗಿ ಆರಿದ ಹಾಲಿನ ಶಾಖ ನೋಡಿ ಅದು ಯಾವಾಗ ಒಲೆಯಿಂದ ಇಳಿಯಿತು ಎಂದು ಲೆಕ್ಕ ಹಾಕಹೊರಟರೆ, ಥರ್ಮಾಮೀಟರಿನ ಒಂದು ಡಿಗ್ರಿ ತಪ್ಪು ಅರ್ಧ ಗಂಟೆಯ ತಪ್ಪಾಗುತ್ತದೆ. ವಿಲೋಮದ ಸೂತ್ರ ಸರಿಯಿದ್ದರೂ ಗಡಿಯ ಹತ್ತಿರ ಅದರ ಮಾತನ್ನು ಪೂರ್ತಿ ನೆಚ್ಚಬಾರದು. ನ್ಯೂಟನ್ನನ ನಿಯಮವೂ ಅಂದಾಜಿನದೇ. ಕುದಿ ಇಳಿದ ಹೊಸದರಲ್ಲಿ ಆವಿಯೂ ಶಾಖವನ್ನು ಒಯ್ಯುವುದರಿಂದ ಹಾಲು ಸೂತ್ರ ಹೇಳುವುದಕ್ಕಿಂತ ಬೇಗ ಆರುತ್ತದೆ. ಮುಚ್ಚಿಟ್ಟರೆ k ಬೇರೆ, ತೆರೆದಿಟ್ಟರೆ ಬೇರೆ.

ಎರಡು ಉತ್ತರ ಬಂದರೆ

ಹಿಂದಕ್ಕೆ ನಡೆಯುವಾಗ ದಾರಿ ಒಂದೇ ಇರಬೇಕು. ನಮ್ಮ ಫಂಕ್ಷನ್ನಿನಲ್ಲಿ ಆ ಭಯವಿಲ್ಲ. x ಹೆಚ್ಚಿದಂತೆ 3e²ˣ + 1 ಹೆಚ್ಚುತ್ತಲೇ ಹೋಗುತ್ತದೆ, ಎಲ್ಲೂ ತಿರುಗಿ ಬೀಳುವುದಿಲ್ಲ. ಆದ್ದರಿಂದ ಒಂದು ಉತ್ತರ ಒಂದೇ x ನಿಂದ ಬಂದಿರಲು ಸಾಧ್ಯ. ಆದರೆ ಮೇಲಿನ 2x ಬದಲು x² ಇದ್ದರೆ, ಅಂದರೆ 3 ಗುಣಿಸು e ಯ x² ಘಾತ, ಕೂಡು 1 ಎಂದಿದ್ದರೆ, ಕತೆ ಬೇರೆ. 10ರಿಂದ ಇಳಿದರೆ x² = 1.0986 ಎಂಬಲ್ಲಿಗೆ ಬರುತ್ತೇವೆ, ಅಲ್ಲಿಂದ 1.048 ಮತ್ತು −1.048 ಎಂಬ ಎರಡು ದಾರಿ ಒಡೆಯುತ್ತವೆ. ಒಂದನ್ನು ಆರಿಸಿಕೊಂಡು, "x ಸೊನ್ನೆ ಅಥವಾ ಅದಕ್ಕಿಂತ ದೊಡ್ಡದು" ಎಂದು ಮೊದಲೇ ಕಟ್ಟು ಹಾಕಿಕೊಂಡರೆ ಮಾತ್ರ ಅದಕ್ಕೆ ವಿಲೋಮವಿದೆ ಎನ್ನಬಹುದು.

ಅಕ್ಕನ ಮಗಳಿಗೆ ಅಂದು ಸಂಜೆ ಇಷ್ಟನ್ನೂ ಹೇಳಲಿಲ್ಲ. ಎರಡೇ ಮಾತು ಹೇಳಿದೆ. ಇಳಿಯುವ ಮೊದಲು x ಹತ್ತಿದ ಮೆಟ್ಟಿಲುಗಳನ್ನು ಸರದಿಯಲ್ಲಿ ಬರೆದುಕೋ, ಇಳಿದಾದ ಮೇಲೆ ಬಂದ ಸಂಖ್ಯೆಯನ್ನು ಮತ್ತೆ ಮೇಲಕ್ಕೆ ಹತ್ತಿಸಿ ನೋಡು. ನೀವೂ ಒಂದು ಮಾಡಿ ನೋಡಬಹುದು. ಐದು ಗುಣಿಸು e ಯ ಮೂರು x ಘಾತ, ಕಳೆ ಎರಡು. ಎರಡು ನೆಲದ ಮೇಲಿದೆ, ಘಾತದಲ್ಲಿಲ್ಲ:

h(x) = 5e³ˣ − 2

ಇದರ ಉತ್ತರ 8 ಆಗಬೇಕಾದರೆ x ಎಷ್ಟು? 0.231 ಬಂದರೆ ನಿಮ್ಮ ಸರದಿ ಸರಿಯಾಗಿದೆ. ಬೇರೇನಾದರೂ ಬಂದರೆ ಅದನ್ನು h ಒಳಗೆ ಹಾಕಿ. ಸಿಗುವುದು 6 ಆಗಿದ್ದರೆ ಆ ಎರಡನ್ನು ಸೇರಿಸದೆಯೇ ಇಳಿದಿದ್ದೀರಿ, 4 ಆಗಿದ್ದರೆ ಕೂಡುವ ಬದಲು ಎರಡು ಕಳೆದು ಇಳಿದಿದ್ದೀರಿ.